ಅದೇ ಕೆಲಸ, ಮೊದಲ ತಿಂಗಳು 68%, ಏಳನೇ ತಿಂಗಳು 22%. ತಪ್ಪು ನನ್ನದಾ, ಲೆಕ್ಕದ್ದಾ?

ಕೆಂಪು ಸಾಲು

ಬ್ಯಾಂಕ್ ಶಾಖೆಯೊಂದರಲ್ಲಿ ಸೇಲ್ಸ್ ಆಫೀಸರ್ ಆಗಿದ್ದೇನೆ. ಹೊಸ ಉಳಿತಾಯ ಖಾತೆ ತೆರೆಸುವುದು ನನ್ನ ಮುಖ್ಯ ಕೆಲಸ. ಏಳು ತಿಂಗಳಿಂದ ಒಂದು ಸಲವೂ ಟಾರ್ಗೆಟ್ ಮುಟ್ಟಿಲ್ಲ.

ತಿಂಗಳಿಗೆ 60 ಖಾತೆ ಕೊಟ್ಟಿದ್ದಾರೆ. ಮುಟ್ಟದೆ ಉಳಿದದ್ದನ್ನು ಮುಂದಿನ ತಿಂಗಳಿಗೆ ಸೇರಿಸುತ್ತಾರೆ. ನಾನು ಮಾಡಿದ್ದು ಕ್ರಮವಾಗಿ 41, 44, 39, 42, 43, 40, 38. ಎಲ್ಲ ಶಾಖೆಗಳ ಶೀಟ್ ದಿನಾ ಸಂಜೆ ಗ್ರೂಪಿಗೆ ಬರುತ್ತದೆ. ಶೇಕಡಾವಾರು ಮೇಲಿಂದ ಕೆಳಗೆ ಜೋಡಿಸಿರುತ್ತಾರೆ, ಹಾಗಾಗಿ ನಾನು ನನ್ನ ಹೆಸರನ್ನು ಕೆಳಗಿನಿಂದಲೇ ಹುಡುಕುತ್ತೇನೆ. ಈ ತಿಂಗಳು ಹುಡುಕುವ ಕೆಲಸವೂ ಇರಲಿಲ್ಲ. ಕೊನೇ ಸಾಲು, ಕೆಂಪು, 22%.

ಶೀಟ್ ನೋಡಿದ ಮೇಲೆ ಫೋನ್ ಕವುಚಿ ಇಡುತ್ತೇನೆ. ಆದರೂ ಅದಕ್ಕಿಂತ ಕಷ್ಟ ಬೆಳಗಿನ 9:15ರ ಕಾಲ್. ಒಬ್ಬೊಬ್ಬರನ್ನೇ ಹೆಸರಿಟ್ಟು ಕರೆದು "ಇವತ್ತಿನ ಕಮಿಟ್‌ಮೆಂಟ್ ಎಷ್ಟು?" ಅಂತ ಕೇಳುತ್ತಾರೆ. ಎರಡು ಆಗುತ್ತದೆ ಅಂತ ನನಗೆ ಗೊತ್ತು. ಎರಡು ಅಂದರೆ ಎಲ್ಲರೆದುರು ಪಾಠ ಶುರು. ಅದಕ್ಕೆ ಐದು ಅನ್ನುತ್ತೇನೆ. ಸಂಜೆ ಎರಡೇ ಆಗಿರುತ್ತದೆ. ಈಗ ನಾನು ಕೆಲಸ ಬಾರದವನು ಮಾತ್ರ ಅಲ್ಲ, ಸುಳ್ಳುಗಾರ ಕೂಡ.

ಪ್ರತಿ ತಿಂಗಳ ಒಂದನೇ ತಾರೀಕು ಒಂದು ದಿನ ಎದೆ ಹಗುರ ಇರುತ್ತಿತ್ತು. ಬಾಕಿ ಸೇರಿಸಲು ಶುರು ಮಾಡಿದ ಮೇಲೆ ಅದೂ ಹೋಯಿತು. ನನ್ನಂಥವರು ಬೇರೆ ಯಾರಾದರೂ ಇದ್ದೀರಾ? ನಿಜವಾಗಿಯೂ ನಾನು ಅಷ್ಟು ಕೆಳಗೆ ಬಿದ್ದಿದ್ದೇನಾ?

ನುಗ್ಗಿ ನಡಿ

ಗುರು, ಬೇಜಾರಾಗಬೇಡ, ನೇರವಾಗಿ ಹೇಳುತ್ತೇನೆ. ಸೇಲ್ಸ್ ಅಂದರೆ ಲೆಕ್ಕ. 60 ಬೇಕಾದರೆ ನಿನ್ನ ಕೈಲಿ 180 ಜನರ ಪಟ್ಟಿ ಇರಬೇಕು. ಮೂವರಲ್ಲಿ ಒಬ್ಬರು ಹೂಂ ಅಂತಾರೆ. ನಿನ್ನ ಪಟ್ಟಿ ಎಷ್ಟಿದೆ ಹೇಳು? 120 ಇರುತ್ತದೆ, ಬರೆದುಕೋ. ಪಟ್ಟಿ ದೊಡ್ಡದು ಮಾಡು, ಕೆಂಪು ತಾನಾಗೇ ಹಸಿರಾಗುತ್ತದೆ.

ಗಡುವು

ನನ್ನ ಅನುಭವದಲ್ಲಿ ಬಾಕಿಯವರ ಮನೆಗೆ ಸಂಜೆ ಆರರ ನಂತರ ಹೋಗಲೇಬಾರದು. ಬೆಳಿಗ್ಗೆ ಹೋಗಿ. ಮೊದಲು ಸಣ್ಣ ಮೊತ್ತ ಕಟ್ಟಿಸಿಕೊಳ್ಳಿ, ಒಮ್ಮೆ ಕಟ್ಟಿದವರು ಮತ್ತೆ ಕಟ್ಟುತ್ತಾರೆ. 22% ವಸೂಲಿ ಅಷ್ಟೇನೂ ಕೆಟ್ಟದ್ದಲ್ಲ.

ಕೆಂಪು ಸಾಲು

@ಗಡುವು ಸರ್, ಸಾಲ ವಸೂಲಿ ಅಲ್ಲ, ಇದು ಖಾತೆ ತೆರೆಸುವ ಟಾರ್ಗೆಟ್. ಬಾಕಿ ಇರುವುದು ನನ್ನದೇ.

@ನುಗ್ಗಿ ನಡಿ, ಪಟ್ಟಿಯಲ್ಲಿ 150 ಹೆಸರಿದೆ ಗುರು. ಅದರಲ್ಲಿ ಅರ್ಧದಷ್ಟು ಜನರನ್ನು ಹೋದ ವರ್ಷವೇ ಕೇಳಿ ಆಗಿದೆ.

ಗಡುವು

ಓಹ್, ಕ್ಷಮಿಸಿ. ಆತುರದಲ್ಲಿ ಓದಿದೆ.

ಹಳೇ ಲೆಡ್ಜರ್

ನಾನು ನಿವೃತ್ತ. ಕೊನೆಯ ಎಂಟು ವರ್ಷ ಬ್ಯಾಂಕಿನ ಪ್ಲಾನಿಂಗ್ ವಿಭಾಗದಲ್ಲಿದ್ದೆ. ಅಂದರೆ ಇಂಥ ಶೀಟ್‌ಗಳನ್ನು ಮಾಡಿ ಕಳಿಸುತ್ತಿದ್ದವರಲ್ಲಿ ನಾನೂ ಒಬ್ಬ. ಬೈಯುವುದಿದ್ದರೆ ಆಮೇಲೆ ಬೈಯಿರಿ, ಮೊದಲು ಲೆಕ್ಕ ನೋಡೋಣ.

ನೀವು ಕೊಟ್ಟ ಅಂಕಿಗಳನ್ನು ಹಾಳೆಯಲ್ಲಿ ಬರೆದುಕೊಂಡೆ. ಮೊದಲ ತಿಂಗಳು 60ಕ್ಕೆ 41, ಅಂದರೆ 68%. ಉಳಿದ 19 ಎರಡನೇ ತಿಂಗಳಿಗೆ ಹೋಯಿತು, ಗುರಿ 79 ಆಯಿತು. ಆ ತಿಂಗಳು ನೀವು 44 ಮಾಡಿದಿರಿ, ಮೊದಲಿಗಿಂತ ಮೂರು ಜಾಸ್ತಿ. ಆದರೂ ಶೀಟಿನಲ್ಲಿ 56%ಕ್ಕೆ ಇಳಿದಿರಿ. ಮೂರನೇ ತಿಂಗಳು ಗುರಿ 95, ನೀವು 41%. ನಾಲ್ಕಕ್ಕೆ 116, ಐದಕ್ಕೆ 134, ಆರಕ್ಕೆ 151. ಏಳನೇ ತಿಂಗಳು ನಿಮ್ಮ ತಲೆ ಮೇಲೆ 171 ಇತ್ತು. ಮಾಡಿದ್ದು 38. ಅದೇ ಆ 22%.

ಈಗ ಇನ್ನೊಂದು ರೀತಿ ನೋಡಿ. ಏಳು ತಿಂಗಳಿಗೆ 60ರಂತೆ ಒಟ್ಟು ಗುರಿ 420. ನೀವು ಮಾಡಿದ್ದು ಒಟ್ಟು 287. ಅದು 68%. ಮೊದಲ ತಿಂಗಳು ಎಲ್ಲಿದ್ದಿರೋ ಅಲ್ಲೇ ಇದ್ದೀರಿ. ತಿಂಗಳು ತಿಂಗಳೂ ಕೂಡಿಸಿ ನೋಡಿದೆ, 68ರಿಂದ 71ರ ಒಳಗೇ ಓಡಾಡಿದ್ದೀರಿ.

ಬಾಕಿಯನ್ನು ಗುರಿಗೆ ಸೇರಿಸಿದರೆ, ಹಿಂದೆ ಮಾಡಿದ್ದನ್ನೂ ಸಾಧನೆಗೆ ಸೇರಿಸಬೇಕು. ನಿಮ್ಮ ಶೀಟಿನಲ್ಲಿ ಏಳು ತಿಂಗಳ ಸಾಲ ಒಂದು ಕಡೆ, ಒಂದೇ ತಿಂಗಳ ದುಡಿಮೆ ಇನ್ನೊಂದು ಕಡೆ ಇದೆ. ಹಾಗೆ ತೂಗಿದರೆ ಯಾರು ನಿಂತರೂ ತಕ್ಕಡಿ ಒಂದೇ ಕಡೆ ವಾಲುತ್ತದೆ. ಒಂದು ಕಂಪನಿ ಒಂದೇ ವೇಗದಲ್ಲಿ ನಡೆಯುವ ಮನುಷ್ಯನನ್ನು ಕುಸಿಯುತ್ತಿದ್ದಾನೆ ಅಂತ ತೋರಿಸಬೇಕು ಅಂದುಕೊಂಡರೆ ಇದಕ್ಕಿಂತ ಒಳ್ಳೆ ದಾರಿ ಸಿಗಲ್ಲ. ಬೇಕಂತ ಮಾಡಿರುತ್ತಾರೆ ಅಂತ ನಾನು ಹೇಳುವುದಿಲ್ಲ. ಹೆಚ್ಚಾಗಿ ಯಾರೋ ಒಬ್ಬರು ಒಂದು ಸಲ ಫಾರ್ಮುಲಾ ಹಾಕಿರುತ್ತಾರೆ, ಆಮೇಲೆ ಯಾರೂ ಮುಟ್ಟಿರುವುದಿಲ್ಲ.

ಇನ್ನೊಂದು ಪ್ರಶ್ನೆ. ಈ 60 ಎಲ್ಲಿಂದ ಬಂತು?

ಕೆಂಪು ಸಾಲು

ಸರ್, ಇದನ್ನು ಮೂರು ಸಲ ಓದಿದೆ. ಏನು ಹೇಳಬೇಕೋ ತಿಳಿಯುತ್ತಿಲ್ಲ.

60 ಬಂದದ್ದು ಹೋದ ವರ್ಷದ ಕೊನೆಯ ಮೂರು ತಿಂಗಳ ಸರಾಸರಿಯಿಂದ. ಆಗ ತಿಂಗಳಿಗೆ 52 ಮಾಡಿದ್ದೆ. ಅದರ ಮೇಲೆ ಶೇ. 15 ಹಾಕಿದರು. ಆ ಮೂರು ತಿಂಗಳಲ್ಲಿ ಒಂದು ಹೊಸ ಕಂಪನಿಯವರು ತಮ್ಮ ಸಿಬ್ಬಂದಿಗೆಲ್ಲ ನಮ್ಮಲ್ಲೇ ಖಾತೆ ಮಾಡಿಸಿದ್ದರು. ಅದೇ 45 ಖಾತೆ. ಆಗ ನನಗೆ ಚಪ್ಪಾಳೆ ಬಿದ್ದಿತ್ತು, ಫೋಟೋ ಕೂಡ ಹಾಕಿದ್ದರು.

ಹಳೇ ಲೆಡ್ಜರ್

ಅಲ್ಲೇ ಇರುವುದು ಗಂಟು. ಮೂರು ತಿಂಗಳಿಗೆ 156. ಅದರಲ್ಲಿ 45 ಒಂದೇ ಬಾಗಿಲಿಂದ ಬಂದದ್ದು, ಮತ್ತೆ ಬರುವಂಥದ್ದಲ್ಲ. ಅದನ್ನು ತೆಗೆದರೆ 111, ತಿಂಗಳಿಗೆ 37. ಅದು ನಿಮ್ಮ ನಿಜವಾದ ತಳ. ಅದರ ಮೇಲೆ ಅದೇ ಶೇ. 15 ಹಾಕಿದರೂ ಗುರಿ 43 ಆಗುತ್ತಿತ್ತು. ಈ ವರ್ಷ ನಿಮ್ಮ ಸರಾಸರಿ 41. ಹಾಗಾಗಿದ್ದರೆ ನೀವು 95%ರಲ್ಲಿ ಇರುತ್ತಿದ್ದಿರಿ. 37ರಿಂದ 41ಕ್ಕೆ ಏರಿದ್ದೀರಿ ಅನ್ನುವುದು ನಿಮ್ಮ ಶೀಟಿನಲ್ಲಿ ಯಾವ ಮೂಲೆಯಲ್ಲೂ ಕಾಣಲ್ಲ.

ಚಪ್ಪಾಳೆ ಬಿದ್ದ ತಿಂಗಳೇ ಮುಂದಿನ ವರ್ಷದ ಹೊರೆ. ಈ ಕಾಯಿಲೆ ಹೊಸದಲ್ಲ. ಸೋವಿಯತ್ ಕಾರ್ಖಾನೆಗಳ ಮ್ಯಾನೇಜರ್‌ಗಳೂ ಯೋಜನೆಗಿಂತ ತುಂಬಾ ಜಾಸ್ತಿ ಉತ್ಪಾದನೆ ತೋರಿಸಲು ಹೆದರುತ್ತಿದ್ದರು, ಮರುವರ್ಷ ಅದೇ ತಳ ಆಗುತ್ತದೆ ಅಂತ. ಅರ್ಥಶಾಸ್ತ್ರದವರು ಇದಕ್ಕೆ ರ್‍ಯಾಚೆಟ್ ಅಂತ ಹೆಸರಿಟ್ಟಿದ್ದಾರೆ. ಮುಂದಕ್ಕೆ ಮಾತ್ರ ತಿರುಗುವ, ಹಿಂದಕ್ಕೆ ಬಾರದ ಹಲ್ಲಿನ ಚಕ್ರ.

ನುಗ್ಗಿ ನಡಿ

ಹಾಗಾದರೆ ಪಾಠ ಸುಲಭ. 101% ಮಾಡಿ ನಿಲ್ಲಿಸು. ಜಾಸ್ತಿ ಬಂದದ್ದನ್ನು ಡ್ರಾಯರಿನಲ್ಲಿಟ್ಟು ಮುಂದಿನ ತಿಂಗಳು ಹಾಕು. ನಾನು ಅದನ್ನೇ ಮಾಡುವುದು.

ಸಹಿ ಮತ್ತು ಸೀಲು

ನಾನು ಒಂದು ಶಾಖೆಯ ಮ್ಯಾನೇಜರ್, ಈ ಕಡೆಯ ಮಾತೂ ಇರಲಿ ಅಂತ ಬರೆಯುತ್ತಿದ್ದೇನೆ.

@ನುಗ್ಗಿ ನಡಿ, ನಿಮ್ಮಂಥವರಿಗಾಗಿಯೇ ಬಾಕಿ ಸೇರಿಸುವ ಪದ್ಧತಿ ಬಂದದ್ದು. ಮೊದಲು ನಮ್ಮಲ್ಲೂ ಪ್ರತಿ ತಿಂಗಳು ಸ್ಲೇಟ್ ಒರೆಸಿ ಹೊಸದಾಗಿ ಶುರು ಮಾಡುತ್ತಿದ್ದೆವು. ಏನಾಗುತ್ತಿತ್ತು ಗೊತ್ತಾ? 22ನೇ ತಾರೀಕಿನ ಹೊತ್ತಿಗೆ ಈ ತಿಂಗಳು ಮುಟ್ಟಲ್ಲ ಅಂತ ಗೊತ್ತಾದವರು ಅರ್ಜಿಗಳನ್ನು ತಡೆದು ಇಟ್ಟುಕೊಳ್ಳುತ್ತಿದ್ದರು. ಒಂದನೇ ತಾರೀಕು ಒಂದೇ ದಿನ ಒಂಬತ್ತು ಅರ್ಜಿ ಬರೋದು. ಗ್ರಾಹಕರು ಹತ್ತು ದಿನ ಸುಮ್ನೆ ಕಾಯುತ್ತಿದ್ದರು. ಒಬ್ಬ ಹಿರಿಯರು ಬಂದು ನನ್ನ ಮೇಜಿನ ಮುಂದೆ ನಿಂತು, "ಅಮ್ಮಾ, ನನ್ನ ಖಾತೆ ಏನಾಯ್ತು?" ಅಂತ ಕೇಳಿದಾಗ ಗೊತ್ತಾಯಿತು ನನಗೆ. ಅವರ ಫಾರ್ಮ್ ನಮ್ಮ ಹುಡುಗನ ಬ್ಯಾಗಿನಲ್ಲಿತ್ತು.

ಬಾಕಿ ಹೊರಿಸಿದರೆ ತಡೆದಿಡುವುದರಿಂದ ಲಾಭ ಇಲ್ಲ. ಅದಕ್ಕೇ ತಂದರು. ಶೇಕಡಾವಾರು ಲೆಕ್ಕ ತಪ್ಪು ಅಂತ ಲೆಡ್ಜರ್ ಸರ್ ಹೇಳಿದ್ದನ್ನು ಒಪ್ಪುತ್ತೇನೆ. ಬಾಕಿಯೇ ಬೇಡ ಅನ್ನುವುದನ್ನು ಒಪ್ಪಲ್ಲ.

ಹಳೇ ಲೆಡ್ಜರ್

ಮೇಡಂ, ಬಾಕಿ ಬೇಡ ಅಂತ ನಾನೂ ಹೇಳಿಲ್ಲ. ಎರಡೂ ಕಡೆ ಕೂಡಿಸಿ ಅಂದೆ ಅಷ್ಟೆ. ವರ್ಷದ ಆರಂಭದಿಂದ ಒಟ್ಟು ಗುರಿ, ಒಟ್ಟು ಸಾಧನೆ. ಆಗ ತಡೆದಿಡುವವನಿಗೂ ಲಾಭ ಇಲ್ಲ, ದುಡಿದವನಿಗೂ ಮೋಸ ಇಲ್ಲ.

ನಿಮ್ಮನ್ನು ಒಂದು ಕೇಳಲಾ? ನಿಮಗೆ ಮೇಲಿಂದ ಬಂದ ಅಂಕಿಯನ್ನೇ ಹುಡುಗರಿಗೆ ಹಂಚುತ್ತೀರಾ, ಅಥವಾ ಸ್ವಲ್ಪ ಸೇರಿಸುತ್ತೀರಾ?

ಸಹಿ ಮತ್ತು ಸೀಲು

ಸೇರಿಸುತ್ತೇನೆ. ಹತ್ತು ಪರ್ಸೆಂಟ್. ಇಬ್ಬರು ರಜೆ ಹಾಕುತ್ತಾರೆ, ಒಬ್ಬ ಮಧ್ಯದಲ್ಲಿ ಕೆಲಸ ಬಿಡುತ್ತಾನೆ. ಸೇರಿಸದಿದ್ದರೆ ನಾನು ಮುಳುಗುತ್ತೇನೆ.

ಹಳೇ ಲೆಡ್ಜರ್

ನಿಮ್ಮ ಮೇಲಿನವರೂ ಅದೇ ಕಾರಣಕ್ಕೆ ಹತ್ತು ಸೇರಿಸುತ್ತಾರೆ. ಅವರ ಮೇಲಿನವರೂ ಅಷ್ಟೆ. ನಾನು ಕೂತಿದ್ದ ಮಹಡಿಯಿಂದ 100 ಅಂತ ಹೊರಟದ್ದು ಮೊದಲ ಮೆಟ್ಟಿಲಿಗೆ 110, ಎರಡನೆಯದಕ್ಕೆ 121, ಮೂರನೆಯದಕ್ಕೆ 133. ಕೌಂಟರಿನ ಹೊರಗೆ ಬಿಸಿಲಲ್ಲಿ ತಿರುಗುವ ಹುಡುಗನ ಕೈಗೆ ಸಿಗುವುದು ಆ 133.

ಈಗ ತಿರುಗಿಸಿ ನೋಡಿ. ಕೆಳಗಿನವರೆಲ್ಲ ತಮ್ಮ ಗುರಿಯ ಶೇ. 75ರಷ್ಟು ಮಾಡಿದರೆ ಸಾಕು, ಮೇಲೆ 100 ತುಂಬುತ್ತದೆ. ಅಂದರೆ ಕೆಳಗೆ ಪ್ರತಿಯೊಬ್ಬರೂ ಫೇಲ್, ಮೇಲೆ ಪಾಸ್. ಇಂಥ ವರ್ಷಗಳನ್ನು ನಾನು ನೋಡಿದ್ದೇನೆ. ವರ್ಷದ ಕೊನೆಯ ಸಭೆಯಲ್ಲಿ ನಮಗೆ ಅಭಿನಂದನೆ, ಅದೇ ವಾರ ಶಾಖೆಗಳಿಗೆ ಎಚ್ಚರಿಕೆ ಪತ್ರ. ಎರಡೂ ಒಂದೇ ಕಂಪ್ಯೂಟರಿನಿಂದ ಹೋಗುತ್ತಿತ್ತು. ಆಗ ನನಗೆ ಏನೂ ಅನಿಸಿರಲಿಲ್ಲ ಅನ್ನುವುದೇ ಈಗ ಕಾಡುತ್ತದೆ.

ಬ್ಯಾಗ್ ಹೊತ್ತವನು

ನಾನು ಬ್ಯಾಂಕಿನವನಲ್ಲ, ಔಷಧ ಕಂಪನಿಯ ರೆಪ್. ನಮ್ಮಲ್ಲಿ ಟಾರ್ಗೆಟ್ ಮುಟ್ಟುವುದಕ್ಕೆ ಒಂದು ಹಳೇ ದಾರಿ ಇದೆ. 28ನೇ ತಾರೀಕು ಸ್ಟಾಕಿಸ್ಟ್ ಹತ್ತಿರ ಹೋಗಿ ಕೈ ಕಾಲು ಹಿಡಿದು ಬಿಲ್ ಹಾಕಿಸುವುದು. ಅಂಗಡಿಗೆ ಮಾಲು ಹೋಗಿಲ್ಲ, ರೋಗಿ ತಗೊಂಡಿಲ್ಲ, ಆದರೂ ನನ್ನ ಲೆಕ್ಕದಲ್ಲಿ ಮಾರಾಟ ಆಯಿತು.

ಮೊದಲ ಸಲ ಮಾಡಿದಾಗ ಒಂದು ವಾರದ ಮಾಲು ಜಾಸ್ತಿ ತುಂಬಿದ್ದೆ. ಮುಂದಿನ ತಿಂಗಳು ಆ ಒಂದು ವಾರ ಅವರು ಆರ್ಡರ್ ಕೊಡಲಿಲ್ಲ. ಅದನ್ನು ಮುಚ್ಚಲು ಎರಡು ವಾರದ್ದು ತುಂಬಿದೆ. ಹೀಗೇ ಹೋಗಿ ಒಂದು ದಿನ ಅವರ ಗೋಡೌನಿನಲ್ಲಿ ನಮ್ಮದೇ ಮೂರು ತಿಂಗಳ ಮಾಲು ಕೂತಿತ್ತು. ಆಮೇಲೆ ಎಕ್ಸ್‌ಪೈರಿ ಆಗಿ ವಾಪಸ್ ಬಂತು. ವಾಪಸ್ ಬಂದದ್ದನ್ನು ನನ್ನ ಆ ತಿಂಗಳ ಸಾಧನೆಯಿಂದ ಕಳೆದರು. ನನ್ನ ಸಾಧನೆ ಮೈನಸ್ ಆಯಿತು. ಹೌದು, ಮೈನಸ್. ಶೀಟಿನಲ್ಲಿ ಅದಕ್ಕೆ ಬಣ್ಣವೇ ಇರಲಿಲ್ಲ, ಖಾಲಿ ಬಿಟ್ಟಿದ್ದರು.

ಕೆಂಪು ಸಾಲು ಅವರೇ, 22 ಇದ್ದರೂ ನಿಮ್ಮದು ನಿಜವಾದ 22. ಅದನ್ನು ಹಾಗೇ ಉಳಿಸಿಕೊಳ್ಳಿ.

ಸುಟ್ಟ ಕೈ

ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ನಾನೂ ಖಾತೆ ತೆರೆಸುವ ಕೆಲಸದಲ್ಲೇ ಇದ್ದೆ. ಐದು ತಿಂಗಳು ಕೆಂಪಿನಲ್ಲಿದ್ದು ಆರನೇ ತಿಂಗಳು ಹಸಿರಾದೆ. ಹೇಗೆ ಅಂದರೆ ಚಿಕ್ಕಮ್ಮ, ಅವರ ಮಕ್ಕಳು, ನಾದಿನಿ, ನಾದಿನಿಯ ಸಹೋದ್ಯೋಗಿಗಳು. ಎಲ್ಲರಿಂದಲೂ ಸಹಿ ಹಾಕಿಸಿದೆ. ಮೊದಲ ಠೇವಣಿ ನನ್ನ ದುಡ್ಡು. ಖಾತೆ ತೆರೆದ ಎರಡನೇ ದಿನ ಅದನ್ನು ತೆಗೆಸಿ ಮುಂದಿನವರ ಖಾತೆಗೆ ಹಾಕುತ್ತಿದ್ದೆ. ಒಂದೇ ನೋಟುಗಳು ಹದಿನಾಲ್ಕು ಖಾತೆ ಸುತ್ತಿದವು. ಆ ತಿಂಗಳು ಕಾಲ್‌ನಲ್ಲಿ ನನ್ನ ಹೆಸರು ಹೇಳಿ "ಇವರನ್ನು ನೋಡಿ ಕಲಿಯಿರಿ" ಅಂದರು. ಅಷ್ಟು ನಾಚಿಕೆ ನನಗೆ ಕೆಂಪಿನಲ್ಲಿದ್ದಾಗಲೂ ಆಗಿರಲಿಲ್ಲ.

ಆಡಿಟ್‌ನವರು ಕಂಡುಹಿಡಿದದ್ದು ತುಂಬಾ ಸುಲಭವಾಗಿ. ತೆರೆದ 90 ದಿನಗಳಲ್ಲಿ ಮೊದಲ ಠೇವಣಿ ಹಾಕಿದ್ದು, ಅದನ್ನು ತೆಗೆದದ್ದು ಬಿಟ್ಟು ಬೇರೆ ಯಾವ ವ್ಯವಹಾರವೂ ಇಲ್ಲದ ಖಾತೆಗಳ ಪಟ್ಟಿ ತೆಗೆದರು. ಯಾರ ಕೋಡ್‌ನಲ್ಲಿ ಅಂಥವು ಗುಂಪಾಗಿ ಇವೆ ನೋಡಿದರು. ನನ್ನದರಲ್ಲಿ ಒಂದೇ ಮೊತ್ತ, ಒಂದೇ ತಿಂಗಳು, ಮೂರು ಖಾತೆಗೆ ಒಂದೇ ಫೋನ್ ನಂಬರ್. ವಿಚಾರಣೆಯಲ್ಲಿ ಕೇಳಿದ್ದು "ನಿಮಗೆ ಯಾರಾದರೂ ಹೀಗೆ ಮಾಡಿ ಅಂತ ಹೇಳಿದ್ದರಾ?" ಅಂತ. ಯಾರೂ ಹೇಳಿರಲಿಲ್ಲ. "ಏನಾದರೂ ಮಾಡಿ, ನನಗೆ ನಂಬರ್ ಬೇಕು" ಅಂದಿದ್ದರು. ಅದು ಆದೇಶ ಅಲ್ಲವಂತೆ. ಕೆಲಸ ಹೋಯಿತು.

ಹಳೇ ಲೆಡ್ಜರ್

ತಾಯಿ, ನೀವು ಒಬ್ಬರೇ ಅಲ್ಲ. ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನಲ್ಲಿ ಪ್ರತಿ ಗ್ರಾಹಕರಿಗೂ ಎಂಟು ಸೇವೆಗಳನ್ನು ಮಾರಬೇಕು ಅನ್ನುವ ಗುರಿ ಇತ್ತು. 2016ರಲ್ಲಿ ಹೊರಬಂದದ್ದೇನು ಅಂದರೆ, ಸಿಬ್ಬಂದಿ ಲಕ್ಷಗಟ್ಟಲೆ ಖಾತೆಗಳನ್ನು ಗ್ರಾಹಕರಿಗೆ ಗೊತ್ತಿಲ್ಲದೆಯೇ ತೆರೆದಿದ್ದರು. ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಅದಕ್ಕೂ ಮೊದಲೇ ಕೆಲವು ವರ್ಷಗಳಲ್ಲಿ ಸುಮಾರು 5,300 ನೌಕರರನ್ನು ಇದೇ ಕಾರಣಕ್ಕೆ ಮನೆಗೆ ಕಳಿಸಿದ್ದರು. ಅಷ್ಟು ಜನ ಒಂದೇ ತಪ್ಪು ಮಾಡುತ್ತಿದ್ದರೂ ಅಲ್ಲಿಯವರೆಗೆ ಗುರಿಯನ್ನು ಮಾತ್ರ ಕೈಬಿಡಲಿಲ್ಲ. ಕೊನೆಗೆ ಮುಖ್ಯಸ್ಥರೂ ಇಳಿಯಬೇಕಾಯಿತು ಅನ್ನಿ. ಆದರೆ ಮೊದಲು ಹೋದದ್ದು ಕೆಳಗಿನವರು.

ನುಗ್ಗಿ ನಡಿ

ಇದೆಲ್ಲ ಸರಿ. ಆದರೆ ಎಲ್ಲದಕ್ಕೂ ಶೀಟ್ ಮೇಲೆ ಹಾಕಿದರೆ ಹೇಗೆ? ಅದೇ ಶೀಟಿನಲ್ಲಿ 100 ಮಾಡುವವರೂ ಇರುತ್ತಾರಲ್ಲ?

ಹಳೇ ಲೆಡ್ಜರ್

ಇರುತ್ತಾರೆ. ನಿಮ್ಮ ಮಾತು ಪೂರ್ತಿ ತಪ್ಪಲ್ಲ. ಪಟ್ಟಿ ಬೇಕು, ತಿರುಗಾಟ ಬೇಕು. ಆದರೆ ಮೂವರಲ್ಲಿ ಒಬ್ಬರು ಅನ್ನುವ ಲೆಕ್ಕ ಹೊಸ ಬಡಾವಣೆಯಲ್ಲಿ ನಡೆಯುತ್ತದೆ. ಎಲ್ಲರಿಗೂ ಆಗಲೇ ಎರಡು ಖಾತೆ ಇರುವ ಕಡೆ ಆರರಲ್ಲಿ ಒಬ್ಬರು ಸಿಕ್ಕಿದರೆ ಪುಣ್ಯ. ಕೆಂಪು ಸಾಲು ಅವರಿಗೆ 150ರಲ್ಲಿ 41 ಸಿಗುತ್ತಿದೆ, ಅದೂ ಅರ್ಧ ಪಟ್ಟಿ ಹಳೆಯದಾಗಿದ್ದಾಗ. ಕೆಲಸ ಬಾರದವನ ಅಂಕಿ ಅಲ್ಲ ಅದು. 100 ಮಾಡಿದವರ ಶಾಖೆಯ ಹತ್ತಿರ ಈ ವರ್ಷ ಏನು ಹೊಸದಾಗಿ ಬಂದಿದೆ ಅಂತ ಒಮ್ಮೆ ನೋಡಿ. ಒಂದು ಕಾಲೇಜೋ, ಕಾರ್ಖಾನೆಯೋ ಇರುತ್ತದೆ. ಮುಂದಿನ ವರ್ಷ ಅವರೂ ಇಲ್ಲೇ ಬಂದು ಬರೆಯುತ್ತಾರೆ.

@ಕೆಂಪು ಸಾಲು, ಮ್ಯಾನೇಜರ್ ಹತ್ತಿರ ಹೋಗುವುದಾದರೆ ಕಷ್ಟ ಹೇಳಿಕೊಳ್ಳಲು ಹೋಗಬೇಡಿ. ಒಂದು ಹಾಳೆ ತಗೊಂಡು ಹೋಗಿ. ಅದರಲ್ಲಿ ಎರಡೇ ವಿಷಯ. ಒಂದು, ಒಟ್ಟಿಗೆ ಒಟ್ಟು ಹೋಲಿಸಿದರೆ 68%. ಎರಡು, ಆ 45 ಖಾತೆ ತೆಗೆದರೆ ತಳ 37. ತಳ ಸರಿಮಾಡಿ ಅಂತ ಇಮೇಲ್‌ನಲ್ಲಿಯೂ ಕೇಳಿ. ವರ್ಷದ ಮಧ್ಯೆ ಒಪ್ಪುವುದು ಅಪರೂಪ, ಆದರೆ ಮುಂದಿನ ವರ್ಷದ ಲೆಕ್ಕ ಹಾಕುವಾಗ ಆ ಇಮೇಲ್ ಇರಬೇಕು. ಇನ್ನು ಬೆಳಗಿನ ಕಾಲ್‌ನಲ್ಲಿ ಅಂಕಿ ಬದಲು ಹೆಸರು ಹೇಳಿ. "ಇವತ್ತು ಇಬ್ಬರು, ಒಬ್ಬರ ದಾಖಲೆ ಬಂದಿದೆ, ಇನ್ನೊಬ್ಬರು ಮೂರು ಗಂಟೆಗೆ ಬರುತ್ತಾರೆ" ಅಂತ. ಎರಡಕ್ಕೆ ಬೈಗುಳ ಬೀಳಬಹುದು. ಸಂಜೆ ಎರಡು ಆದಾಗ ಮಾತ್ರ ಯಾರೂ ಸುಳ್ಳುಗಾರ ಅನ್ನಲಾರರು.

ಸಹಿ ಮತ್ತು ಸೀಲು

ಆ ಕಾಲ್‌ನಲ್ಲಿ ಐದು ಅಂತ ಕೇಳಿಸಿಕೊಂಡು ನಾನೂ ಮೇಲಕ್ಕೆ ಐದು ಅಂತಲೇ ಹೇಳುತ್ತೇನೆ. ಎರಡು ಅಂತ ನನಗೂ ಗೊತ್ತಿರುತ್ತದೆ. ಬಹುಶಃ ನನ್ನ ಮೇಲಿನವರಿಗೂ.

ಕೆಂಪು ಸಾಲು

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ.

ಹಾಳೆ ತಗೊಂಡು ಹೋದೆ. ಮ್ಯಾನೇಜರ್ ಓದಿದರು, ಕ್ಯಾಲ್ಕುಲೇಟರ್ ತೆಗೆದು 287 ಭಾಗಿಸು 420 ತಾವೇ ಮಾಡಿ ನೋಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಡ್ರಾಯರಿನಿಂದ ಶಾಖೆಯ ಶೀಟ್ ತೆಗೆದು ನನ್ನ ಮುಂದಿಟ್ಟರು. ಅವರ ಹೆಸರಿನ ಮುಂದೆ 26% ಇತ್ತು. ಅವರೂ ಇಷ್ಟು ದಿನ ಅದನ್ನು ಯಾರಿಗೂ ತೋರಿಸಿರಲಿಲ್ಲವಂತೆ.

60ನ್ನು ಬದಲಾಯಿಸಲು ಆಗಲ್ಲ ಅಂದರು. ಬಾಕಿ ಸೇರಿಸುವ ಫಾರ್ಮುಲಾ ಮೇಲಿಂದ ಲಾಕ್ ಆಗಿ ಬರುತ್ತದಂತೆ. ನಮ್ಮ ಶಾಖೆಯ ಶೀಟಿಗೆ ಮಾತ್ರ ಪಕ್ಕದಲ್ಲಿ ಒಂದು ಕಾಲಂ ಹಾಕಿಸಿದ್ದಾರೆ, ವರ್ಷದ ಒಟ್ಟು ಶೇಕಡಾ ಅಂತ. ಗ್ರೂಪಿಗೆ ಬರುವುದು ಈಗಲೂ ಹಳೆಯದೇ. ಇಮೇಲ್‌ಗೆ ಇನ್ನೂ ಉತ್ತರ ಬಂದಿಲ್ಲ.

ಕಾಲ್‌ನಲ್ಲಿ ಮೊದಲ ದಿನ "ಎರಡು" ಅಂದಾಗ ಗಂಟಲು ಒಣಗಿತ್ತು. ಬೈದರು. ಮೂರನೇ ದಿನವೂ ಬೈದರು. ಹೋದ ವಾರ ನನ್ನ ನಂತರ ಇನ್ನೊಬ್ಬಳು "ಒಂದು" ಅಂದಳು. ಅವಳಿಗೂ ಬೈದರು.

ಕೆಲಸ ಬಿಡುವ ಬಗ್ಗೆ ಇನ್ನೂ ಏನೂ ತೀರ್ಮಾನ ಮಾಡಿಲ್ಲ. ಎಂಟನೇ ತಿಂಗಳು ನಿನ್ನೆ ಮುಗಿಯಿತು. 193ಕ್ಕೆ 42. ಶೀಟಿನಲ್ಲಿ 22%, ಕೆಂಪು. ಪಕ್ಕದ ಕಾಲಂನಲ್ಲಿ 69, ಅದಕ್ಕೆ ಇನ್ನೂ ಬಣ್ಣ ಹಾಕಿಲ್ಲ.